ಮಾಕ್ ಇಂಟರ್ವ್ಯೂ ರೆಕಾರ್ಡಿಂಗ್ ಕೇಳಿ ಫೀಡ್‌ಬ್ಯಾಕ್ ಬರಿಯೋದು ಹೆಂಗೆ

ಕೇಳುಗರಿಗೆಲ್ಲಾ ನಮಸ್ಕಾರ. ಹಾಸನ, ಅರಸೀಕೆರೆ, ಬೇಲೂರು, ಸಕಲೇಶಪುರದ ಕಡೆ ಡಿಗ್ರಿ ಮುಗ್ಸಿ ಕೆಲ್ಸ ಹುಡುಕ್ತಿರೋ ಹುಡುಗ್ರು ಹುಡುಗೀರು ಈಗ ಮೊಬೈಲಲ್ಲಿ ರೆಕಾರ್ಡ್ ಹಾಕ್ಕೊಂಡು ಮಾಕ್ ಇಂಟರ್ವ್ಯೂ, ಅಂದ್ರೆ ಪ್ರಾಕ್ಟೀಸಿಗೆ ಅಂತ ಇಂಟರ್ವ್ಯೂ, ಮಾಡ್ತಾರೆ. ಪ್ರಶ್ನೆ ಕೇಳೋರು ಯಾರೋ ಅಣ್ಣ, ಅಕ್ಕ, ಇಲ್ಲಾ ಕಾಲೇಜಿನ ಮೇಷ್ಟ್ರು. ನಾನಿವತ್ತು ಮಾತಾಡ್ತಿರೋದು ಆ ಪ್ರಶ್ನೆ ಕೇಳೋರ ಹತ್ರ. ರೆಕಾರ್ಡಿಂಗ್ ಆದ್ಮೇಲೆ ನೀವು ಅದನ್ನ ಕೇಳಿ ಒಂದು ಪುಟ ಬರ್ದು ಕೊಡ್ಬೇಕಲ್ಲ, ಆ ಪುಟದ ಬಗ್ಗೆ.

ಹೇಳೋದು ಒಂದೇ ಮಾತು. ರೆಕಾರ್ಡಿಂಗಲ್ಲಿ ಎಷ್ಟನೇ ನಿಮಿಷಕ್ಕೆ ಏನು ಕೇಳಿಸ್ತೋ ಅದನ್ನ ಬರೀರಿ. ನಿಮಗೆ ಏನು ಅನ್ನಿಸ್ತು ಅನ್ನೋದನ್ನ ಆಮೇಲೆ ನೋಡ್ಕೊಳ್ಳೋಣ.

ಒಬ್ಬ ಹುಡುಗಿ ವಿಷ್ಯ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಇದ್ರಲ್ಲೇ ಎಲ್ಲಾ ಇದೆ. ಅರಸೀಕೆರೆ ಕಡೆಯವ್ಳು, ಬಿಕಾಂ ಆಗಿತ್ತು, ಹಾಸನದಲ್ಲಿ ಒಬ್ರು ಆಡಿಟರ್ ಹತ್ರ ಇಂಟರ್ನ್‌ಶಿಪ್ ಮಾಡಿದ್ಲು, ಒಂದು ಕಂಪನಿಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲ್ಸಕ್ಕೆ ಅಪ್ಲೈ ಮಾಡಿದ್ಲು. ಅವಳ ದೊಡ್ಡಮ್ಮನ ಮಗ ಬೆಂಗ್ಳೂರಲ್ಲಿ ಕೆಲ್ಸದಲ್ಲಿದಾನೆ, ಅವ್ನೇ ಫೋನಲ್ಲಿ ಇಂಟರ್ವ್ಯೂ ಮಾಡ್ದ, ಅರ್ಧ ಇಂಗ್ಲಿಷು ಅರ್ಧ ಕನ್ನಡ, 24 ನಿಮಿಷದ ರೆಕಾರ್ಡಿಂಗ್. ಆಮೇಲೆ ವಾಟ್ಸಾಪಲ್ಲಿ ಫೀಡ್‌ಬ್ಯಾಕ್ ಕಳ್ಸಿದ. ಓವರಾಲ್ ಗುಡ್, ಕಾನ್ಫಿಡೆನ್ಸ್ ಇಂಪ್ರೂವ್ ಮಾಡ್ಕೋ, ಫ್ಲೂಯೆನ್ಸಿ ಸಾಲ್ದು, ಆಕ್ಚುಯಲಿ ಆಕ್ಚುಯಲಿ ಅನ್ನೋದು ಬಿಡು. ಇಷ್ಟೇ.

ಒಳ್ಳೇ ಮನಸ್ಸಿಂದಾನೇ ಬರ್ದಿದಾನೆ ಪಾಪ. ಆದ್ರೆ ಇದನ್ನ ಇಟ್ಕೊಂಡು ಆ ಹುಡುಗಿ ಏನ್ ಮಾಡ್ಬೇಕು ಹೇಳಿ? ಡಾಕ್ಟ್ರ ಹತ್ರ ಹೋದ್ರೆ ನಿಮಗೆ ಹುಷಾರಿಲ್ಲ, ಹುಷಾರಾಗಿ ಅಂತ ಚೀಟಿ ಬರ್ದುಕೊಟ್ಟಂಗಾಯ್ತು. ಅವ್ಳು ಮಾಡಿದ್ದೇನಪ್ಪಾ ಅಂದ್ರೆ ಕನ್ನಡಿ ಮುಂದೆ ನಿಂತು ಅವೇ ಉತ್ತರಗಳ್ನ ಜೋರಾಗಿ ಬೇಗ ಬೇಗ ಹೇಳೋದು ಪ್ರಾಕ್ಟೀಸ್ ಮಾಡಿದ್ಲು. ಉತ್ತರ ಹಂಗೇ ಉಳೀತು, ಸ್ಪೀಡ್ ಮಾತ್ರ ಜಾಸ್ತಿ ಆಯ್ತು.

ಆಮೇಲೆ ಆ ರೆಕಾರ್ಡಿಂಗ್ ನನ್ನ ಹತ್ರ ಬಂತು. ಮೊದಲ್ನೇ ಸಲ ಎಲ್ಲೂ ನಿಲ್ಲಿಸ್ದೆ ಪೂರ್ತಿ ಕೇಳ್ದೆ, ಪ್ರತಿ ಪ್ರಶ್ನೆ ಯಾವ ನಿಮಿಷಕ್ಕೆ ಬಂತು ಅಂತ ಮಾತ್ರ ಪೇಪರ್ ಮೇಲೆ ಹಾಕ್ಕೊಂಡೆ. ಎರಡ್ನೇ ಸಲ ಒಂದೊಂದೇ ಪ್ರಶ್ನೆ ಹತ್ರ ನಿಲ್ಲಿಸಿ ಎರಡು ವಿಷ್ಯ ಬರ್ಕೊಂಡೆ. ಕೇಳಿದ್ದಕ್ಕೆ ನಿಜವಾದ ಉತ್ತರ ಎಷ್ಟೊತ್ತಿಗೆ ಶುರು ಆಯ್ತು, ಮತ್ತೆ ಆಗ ಅವಳ ಬಾಯಿಂದ ಬಂದ ಮಾತು ಯಾವ್ದು, ಇದ್ದದ್ದು ಇದ್ದಂಗೆ.

3 ನಿಮಿಷ 10 ಸೆಕೆಂಡಿಗೆ ಒಂದು ಪ್ರಶ್ನೆ, ಆಡಿಟರ್ ಆಫೀಸಲ್ಲಿ ಏನ್ ಕೆಲ್ಸ ಮಾಡಿದ್ರಿ ಅಂತ. ಅವ್ಳು ಮಾತಾಡಿದ್ದು 5 ನಿಮಿಷ 20 ಸೆಕೆಂಡಿನವರೆಗೆ. ಅದ್ರಲ್ಲಿ ಆಫೀಸ್ ಎಲ್ಲಿದೆ, ಸಾರ್ ಎಷ್ಟು ಸೀನಿಯರ್ರು, ಎಷ್ಟು ಜನ ಹುಡುಗ್ರಿದ್ರು, ಹೆಂಗೆ ಎಲ್ರೂ ಹೊಂದ್ಕೊಂಡು ಹೋಗ್ತಿದ್ರು, ಇದೇ ಒಂದೂವರೆ ನಿಮಿಷಕ್ಕಿಂತ ಜಾಸ್ತಿ. ಅವಳ ಕೆಲ್ಸದ ಮಾತು ಬಂದಿದ್ದು 4 ನಿಮಿಷ 50 ಸೆಕೆಂಡಿಗೆ, ಅದೂ ಏನಂತ? ನಾವು ಜಿಎಸ್‌ಟಿ ಎಲ್ಲಾ ಮಾಡಿದ್ವಿ ಸಾರ್. ಅಷ್ಟೇ. ಈ ಒಂದು ಉತ್ತರದಲ್ಲಿ ಆಕ್ಚುಯಲಿ ಒಂಬತ್ತು ಸಲ.

ಈಗ ಅದೇ ರೆಕಾರ್ಡಿಂಗಲ್ಲಿ 11 ನಿಮಿಷ 40 ಸೆಕೆಂಡಿಗೆ ಬನ್ನಿ. ಪರ್ಚೇಸ್ ರಿಜಿಸ್ಟರಲ್ಲಿರೋ ಬಿಲ್ಲು ಜಿಎಸ್‌ಟಿಆರ್ ಟೂ ಬಿ ಲಿ ಕಾಣಿಸ್ಲಿಲ್ಲ ಅಂದ್ರೆ ಏನ್ ಮಾಡ್ತೀರಿ ಅಂತ ಪ್ರಶ್ನೆ. ಟೂ ಬಿ ಅಂದ್ರೆ, ಗೊತ್ತಿಲ್ದೋರಿಗೆ ಹೇಳ್ತೀನಿ, ನಮಗೆ ಮಾಲು ಕೊಟ್ಟೋರು ತಮ್ಮ ರಿಟರ್ನಲ್ಲಿ ಏನು ತೋರ್ಸಿರ್ತಾರೋ ಅದ್ರ ಮೇಲೆ ಪ್ರತಿ ತಿಂಗಳು ಜಿಎಸ್‌ಟಿ ಪೋರ್ಟಲಲ್ಲಿ ಬರೋ ಸ್ಟೇಟ್‌ಮೆಂಟು. ಹುಡುಗಿ ತಕ್ಷಣ ಶುರು ಮಾಡಿದ್ಲು. ಮೊದ್ಲು ನಮ್ಮ ಎಂಟ್ರಿಲಿ ಬಿಲ್ ನಂಬರ್ ಸರಿ ಇದ್ಯಾ ನೋಡ್ತೀನಿ, ಆಮೇಲೆ ಸಪ್ಲೈಯರ್ ಜಿಎಸ್‌ಟಿಆರ್ ಒನ್ ರಿಟರ್ನ್ ಹಾಕಿದಾರಾ ಕೇಳ್ತೀನಿ, ಹಾಕಿದ್ರೆ ನಮ್ಮ ಜಿಎಸ್‌ಟಿ ನಂಬರ್ ಸರಿಯಾಗಿ ಬರ್ದಿದಾರಾ ನೋಡ್ತೀನಿ ಅಂತ. 40 ಸೆಕೆಂಡು. ಒಂದೂ ಆಕ್ಚುಯಲಿ ಇಲ್ಲ.

ಅದೇ ಹುಡುಗಿ, ಅದೇ ದಿನ, ಅದೇ ಫೋನು. ಹಂಗಾದ್ರೆ ಫ್ಲೂಯೆನ್ಸಿ ಇಲ್ಲ ಅನ್ನೋದು ಎಲ್ಲಿಂದ ಬಂತು? ಕೈಯಲ್ಲಿ ಹೇಳೋಕೆ ವಿಷ್ಯ ಇದ್ದ ಕಡೆ ಅವ್ಳು ನೀಟಾಗಿ ಮಾತಾಡ್ತಾಳೆ, ಇಲ್ದಿದ್ದ ಕಡೆ ಆಕ್ಚುಯಲಿ ತುಂಬ್ತಾಳೆ. ಮಾತಾಡೋ ರೀತಿಲಿ ಕಾಣಿಸ್ತಿರೋ ತಪ್ಪಿಗೆ ಕಾರಣ ಉತ್ತರದೊಳ್ಗಿದೆ. ಇದು ಟೈಮ್ ಹಾಕ್ಕೊಂಡು ಬರ್ದಿದ್ದಕ್ಕೆ ಗೊತ್ತಾಗಿದ್ದು. ಒಟ್ಟಾರೆ ಹೆಂಗನ್ನಿಸ್ತು ಅಂತ ಬರ್ದಿದ್ರೆ ಈ ಜನ್ಮದಲ್ಲಿ ಗೊತ್ತಾಗ್ತಿರ್ಲಿಲ್ಲ.

ಆಮೇಲೆ ಅವಳ್ನ ಕೂರಿಸ್ಕೊಂಡು ಕೇಳ್ದೆ, ಈ ಟೂ ಬಿ ಕೆಲ್ಸ ನೀನು ಮಾಡಿದ್ಯೇನಮ್ಮ ಅಂತ. ಹೂಂ ಮೇಡಂ, ಒಂದು ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿದು ನಾನೇ ಮಾಡಿದ್ದು ಅಂದ್ಲು. ಒಂದು ತಿಂಗಳಿಂದು 14 ಬಿಲ್ ಮ್ಯಾಚ್ ಆಗಿರ್ಲಿಲ್ವಂತೆ. ಒಂಬತ್ತಕ್ಕೆ ಸಪ್ಲೈಯರ್ ಇನ್ನೂ ರಿಟರ್ನ್ ಹಾಕಿರ್ಲಿಲ್ಲ, ಮೂರು ಇವ್ರ ಕಡೇನೇ ಬಿಲ್ ನಂಬರ್ ತಪ್ಪಾಗಿ ಟೈಪ್ ಆಗಿತ್ತು, ಎರಡ್ರಲ್ಲಿ ಸಪ್ಲೈಯರು ಬೇರೆ ಯಾರ್ದೋ ಜಿಎಸ್‌ಟಿ ನಂಬರ್ ಹಾಕಿದ್ರು. ಇವ್ಳೇ ಎಲ್ರಿಗೂ ಫೋನ್ ಮಾಡಿ ಲಿಸ್ಟ್ ಮಾಡಿ ಸಾರ್‌ಗೆ ಕೊಟ್ಟಿದಾಳೆ. ಇಷ್ಟು ಚಿನ್ನದಂಥಾ ಉತ್ತರ ಇಟ್ಕೊಂಡು ಆಫೀಸ್ ಯಾವ ರೋಡಲ್ಲಿದೆ ಅಂತ ಹೇಳಿದಾಳಲ್ರೀ! ಯಾಕಮ್ಮ ಹೇಳ್ಲಿಲ್ಲ ಅಂದ್ರೆ, ಅದು ಚಿಕ್ಕ ಕೆಲ್ಸ ಅಲ್ವಾ ಮೇಡಂ ಅಂತಾಳೆ.

ಸರಿ, ಆ ಪ್ರಶ್ನೆಗೆ ನಾನು ಬರ್ದುಕೊಟ್ಟ ಫೀಡ್‌ಬ್ಯಾಕ್ ಓದ್ತೀನಿ ಕೇಳಿ. ಉತ್ತರ: 4.50ಕ್ಕೆ ನಾವು ಜಿಎಸ್‌ಟಿ ಎಲ್ಲಾ ಮಾಡಿದ್ವಿ ಅಂದೆ, ಇದ್ರಲ್ಲಿ ನೀನು ಮಾಡಿದ್ದು ಯಾವ್ದು ಅಂತ ಕೇಳೋರಿಗೆ ಗೊತ್ತಾಗಲ್ಲ, ಇಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ 14 ಬಿಲ್ಲಿನ ಕೆಲ್ಸ ಹೇಳು, ನಾವು ಅನ್ನೋ ಕಡೆ ನಾನು ಅನ್ನು. ಜೋಡಣೆ: ಮೊದಲ ಒಂದೂವರೆ ನಿಮಿಷ ಆಫೀಸಿನ ವಿಷ್ಯ, ಅದನ್ನ ಒಂದೇ ವಾಕ್ಯಕ್ಕೆ ಇಳ್ಸು, ಆಮೇಲೆ ನಿನಗೆ ಕೊಟ್ಟ ಕೆಲ್ಸ ಏನು, ಏನೇನ್ ಮಾಡ್ದೆ, ಕೊನೇಲಿ ಏನಾಯ್ತು. ಮಾತಿನ ರೀತಿ: ಆಕ್ಚುಯಲಿ ಬಗ್ಗೆ ಈಗ ತಲೆ ಕೆಡಿಸ್ಕೋಬೇಡ, 11.40ರ ಉತ್ತರ ನೀನೇ ಒಂದ್ಸಲ ಕೇಳು, ಅಲ್ಲಿ ಇಲ್ಲ.

ನೋಡಿ, ಮೂರೂ ಸಾಲಲ್ಲಿ ಟೇಪಿಂದ ಬಂದ ಮಾತಿದೆ, ಮುಂದೆ ಏನ್ ಮಾಡ್ಬೇಕು ಅನ್ನೋದಿದೆ. ಸಂದರ್ಭ, ಜವಾಬ್ದಾರಿ, ಮಾಡಿದ ಕೆಲ್ಸ, ಫಲಿತಾಂಶ, ಈ ನಾಲ್ಕರ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರ್ಸಿ ಇಂಟರ್ವ್ಯೂ ಟ್ರೈನಿಂಗಲ್ಲಿ ಸ್ಟಾರ್ ಅಂತಾರೆ. ಜೋಡಣೆ ನೋಡುವಾಗ ನಾಲ್ಕಕ್ಕೂ ಎಷ್ಟೆಷ್ಟು ಸೆಕೆಂಡ್ ಹೋಯ್ತು ಅಂತ ಪಕ್ಕದಲ್ಲಿ ಬರೀರಿ ಸಾಕು. ಜಾಸ್ತಿ ಸೆಕೆಂಡು ಮಾಡಿದ ಕೆಲ್ಸಕ್ಕೆ ಹೋಗ್ಬೇಕು. ನಮ್ಮ ಹುಡುಗ್ರಲ್ಲಿ ಸಂದರ್ಭನೇ ತಿಂದ್ಹಾಕುತ್ತೆ, ಫಲಿತಾಂಶ ಬರೋದೇ ಇಲ್ಲ.

ಟೈಮ್ ಆಗ್ತಾ ಬಂತು ಅಂತ ಇಲ್ಲಿ ಸನ್ನೆ ಮಾಡ್ತಿದಾರೆ, ಮಾತಿನ ರೀತಿ ಬಗ್ಗೆ ಬೇಗ ಹೇಳ್ಬಿಡ್ತೀನಿ. ಇದಕ್ಕೆ ಮೂರ್ನೇ ಸಲ ಬೇರೆಯಾಗೇ ಕೇಳಿ, ಉತ್ತರದ ಅರ್ಥದ ಕಡೆ ಹೋಗ್ಬೇಡಿ. ದನಿ ಸಣ್ಣದಿದೆ ಅಂತ ಬರಿಯೋಕ್ ಮುಂಚೆ ಪ್ರಶ್ನೆ ಕೇಳಿದೋರ ದನಿ ಹೆಂಗಿದೆ ನೋಡಿ, ಒಂದೇ ರೂಮಲ್ಲಿ ಕೂತು ಮಾಡಿದ ರೆಕಾರ್ಡಿಂಗಲ್ಲಿ ಇಬ್ರದೂ ಸಣ್ಣದಿದ್ರೆ ಫೋನ್ ದೂರ ಇಟ್ಟಿದ್ದೀರಿ ಅಂತ ಅರ್ಥ. ವಾಕ್ಯದ ಕೊನೆ ನುಂಗ್ತಾರಾ ಕೇಳಿ, ಅಂಥಾ ಎರಡು ಜಾಗದ ಟೈಮ್ ಬರೀರಿ. ವೀಡಿಯೋ ಇದ್ರೆ ಸೌಂಡ್ ಆಫ್ ಮಾಡಿ ಎರಡು ನಿಮಿಷ ನೋಡಿ, ಕಣ್ಣು ಎಲ್ಲಿರುತ್ತೆ, ಕೈ ಏನ್ ಮಾಡ್ತಿದೆ ತಾನಾಗೇ ಕಾಣುತ್ತೆ. ನಮ್ಮ ಹಾಸನದ ಕಡೆ ಉಚ್ಚಾರಣೆ ಬಗ್ಗೆ ದಯವಿಟ್ಟು ಏನೂ ಬರೀಬೇಡಿ, ಪದ ಅರ್ಥ ಆಗ್ಲಿಲ್ಲ ಅಂದ್ರೆ ಮಾತ್ರ ಆ ಪದ ಬರೀರಿ.

ಇನ್ನೊಂದು, ತಪ್ಪು ನಿಮ್ಮ ಪ್ರಶ್ನೇಲೂ ಇರುತ್ತೆ. ಆ ಹುಡುಗಿಯ ರೆಕಾರ್ಡಿಂಗಲ್ಲೇ ಅವಳ ದೊಡ್ಡಮ್ಮನ ಮಗ, ನಿಮ್ಮ ವೀಕ್ನೆಸ್ ಏನು, ಐದು ವರ್ಷ ಆದ್ಮೇಲೆ ಎಲ್ಲಿರ್ತೀರಿ, ಅಂತ ಒಂದೇ ಉಸಿರಲ್ಲಿ ಎರಡು ಕೇಳಿದಾನೆ, ಅವ್ಳು ಒಂದಕ್ಕೆ ಉತ್ತರ ಹೇಳಿದ್ಲು, ಫೀಡ್‌ಬ್ಯಾಕಲ್ಲಿ ಪ್ರಶ್ನೆ ಸ್ಕಿಪ್ ಮಾಡ್ದೆ ಅಂತ ಬಂತು. ಟೇಪ್ ವಾಪಸ್ ಹಾಕಿ ಕೇಳಿದ್ರೆ ಇದು ಅವಳ ಲೆಕ್ಕಕ್ಕೆ ಬರ್ತಾನೇ ಇರ್ಲಿಲ್ಲ.

ಪುಟದ ಮೇಲೆ ತಿದ್ಕೊಳ್ಳೋ ವಿಷ್ಯ ಮೂರಕ್ಕಿಂತ ಜಾಸ್ತಿ ಬೇಡ, ಹದಿನೈದು ಬರ್ದ್ರೆ ಒಂದೂ ಮಾಡಲ್ಲ. ಯಾವ ಮೂರು ಅಂದ್ರೆ, ಮೊದ್ಲು ಉತ್ತರದಲ್ಲಿ ವಿಷ್ಯ ಇಲ್ದಿರೋದು, ಆಮೇಲೆ ಜೋಡಣೆ, ಕೊನೆಗೆ ಮಾತಿನ ರೀತಿ. ಮೊದಲ್ನೇದು ಸರಿ ಹೋದ್ರೆ ಮೂರನೇದು ಅರ್ಧ ತಾನೇ ಸರಿ ಹೋಗುತ್ತೆ. ಪುಟದ ಜೊತೆ ರೆಕಾರ್ಡಿಂಗೂ ಕೊಡಿ, ಆ ಟೈಮಿಗೆ ಹೋಗಿ ಅವ್ರೇ ಕೇಳ್ಲಿ. ಎರಡು ಮೂರು ದಿನ ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿ, ಮತ್ತೆ ರೆಕಾರ್ಡ್ ಮಾಡಿ, ಟೈಮ್ ಹಾಕಿ. ಆ ಹುಡುಗಿ ಎರಡನೇ ರೆಕಾರ್ಡಿಂಗಲ್ಲಿ ಪ್ರಶ್ನೆ ಮುಗಿದ ಎಂಟ್ನೇ ಸೆಕೆಂಡಿಗೆ 14 ಬಿಲ್ ಅಂದ್ಲು, ಒಂದು ನಿಮಿಷ ಐದು ಸೆಕೆಂಡಿಗೆ ಉತ್ತರ ಮುಗೀತು, ಆಕ್ಚುಯಲಿ ಎರಡೇ ಸಲ. ಕೊನೇಲಿ ಏನಾಯ್ತು ಅನ್ನೋದು ಮಾತ್ರ ಆಗ್ಲೂ ಬಿಟ್ಟೋಗಿತ್ತು, ಮುಂದಿನ ಪುಟದಲ್ಲಿ ಅದೊಂದನ್ನೇ ಬರ್ದೆ. ನಮಸ್ಕಾರ.