ಈ ವರ್ಷದ ಶುಲ್ಕದ ಹದಿನಾಲ್ಕನೇ ಒಂದು ಪಾಲು

ಕೇಳುಗರೆಲ್ಲರಿಗೂ ನಮಸ್ಕಾರ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದ ನನ್ನನ್ನು ಇಂದಿಗೂ ದಾರಿಯಲ್ಲಿ ನಿಲ್ಲಿಸಿ, ಮಕ್ಕಳ ಓದಿಗೆ ಯಾವ ಯೋಜನೆಯಲ್ಲಿ ಹಣ ಹಾಕಬೇಕು ಎಂದು ಕೇಳುವವರಿದ್ದಾರೆ. ಎಷ್ಟು ಹಾಕಬೇಕು ಎಂದು ಕೇಳುವವರು ಮಾತ್ರ ಬಹಳ ಕಡಿಮೆ. ನನಗೆ ಸಿಕ್ಕಿರುವ ಈ ಕೆಲವು ನಿಮಿಷಗಳನ್ನು ಆ ಎರಡನೆಯ ಪ್ರಶ್ನೆಗೇ ಮೀಸಲಿಡುತ್ತೇನೆ.

ಚಿತ್ತಾಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕರಾಗಿದ್ದ ನನ್ನ ಪರಿಚಯದವರೊಬ್ಬರು 2009ರಲ್ಲಿ, ನಮ್ಮ ಊರಿಗೆ ಇನ್ನೂ ಗುಲಬರ್ಗಾ ಎಂದೇ ಹೆಸರಿದ್ದಾಗ, ಮೂರು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಮೇಜಿನ ಮುಂದೆ ಕುಳಿತಿದ್ದರು. ಅವರ ಲೆಕ್ಕ ಅಚ್ಚುಕಟ್ಟಾಗಿತ್ತು. ಅಣ್ಣನ ಮಗ ಆ ವರ್ಷ ಇಂಜಿನಿಯರಿಂಗ್ ಸೇರಿದ್ದ. ಕಾಲೇಜು ಶುಲ್ಕ, ಹಾಸ್ಟೆಲು, ಊಟ ಎಲ್ಲ ಸೇರಿ ವರ್ಷಕ್ಕೆ 60 ಸಾವಿರ, ನಾಲ್ಕು ವರ್ಷಕ್ಕೆ 2 ಲಕ್ಷ 40 ಸಾವಿರ. ಮಗಳು ಕಾಲೇಜು ಸೇರಲು ಹದಿನೈದು ವರ್ಷ, ಅಂದರೆ 180 ತಿಂಗಳು ಉಳಿದಿದ್ದವು. ಭಾಗಿಸಿದರೆ ತಿಂಗಳಿಗೆ 1,333 ರೂಪಾಯಿ; ಅವರು ಅದನ್ನು 1,350 ಮಾಡಿ ಅಂಚೆ ಕಚೇರಿಯಲ್ಲಿ ಆರ್.ಡಿ. ಖಾತೆ ತೆರೆದರು, ಐದು ವರ್ಷಕ್ಕೊಮ್ಮೆ ಅದು ಮುಗಿದಾಗ ಬಂದ ಹಣವನ್ನು ಠೇವಣಿಯಿಟ್ಟು ಅಷ್ಟೇ ಮೊತ್ತದ ಹೊಸ ಆರ್.ಡಿ. ಆರಂಭಿಸಿದರು. ಬಡ್ಡಿ ಹೇಗೂ ಬರುತ್ತದೆ, ಅದು ಮೇಲುಖರ್ಚಿಗಾಯಿತು ಎಂಬ ಸಮಾಧಾನ ಅವರಿಗಿತ್ತು. ಒಪ್ಪಿಕೊಳ್ಳುತ್ತೇನೆ, ಆ ದಿನ ನಾನೂ ಅವರನ್ನು ತಡೆಯಲಿಲ್ಲ.

2024ರಲ್ಲಿ ಮಗಳಿಗೆ ಸೀಟು ಸಿಕ್ಕಿತು. ಬೆಂಗಳೂರಿನ ಕಾಲೇಜು, ಹಾಸ್ಟೆಲು ಸೇರಿ ವರ್ಷಕ್ಕೆ 1 ಲಕ್ಷ 90 ಸಾವಿರದಂತೆ ನಾಲ್ಕು ವರ್ಷಕ್ಕೆ 7 ಲಕ್ಷ 60 ಸಾವಿರ ಬೇಕಿತ್ತು. ಇವರ ಕೈಯಲ್ಲಿದ್ದದ್ದು ಬಡ್ಡಿ ಸೇರಿ ನಾಲ್ಕು ಲಕ್ಷದ ಮೇಲೆ ಸ್ವಲ್ಪ. ಎರಡು ವರ್ಷದ ಓದಿಗಾಗುವ ಹಣ. ಪಾಸ್‌ಪುಸ್ತಕಗಳನ್ನೆಲ್ಲ ಒಂದು ಕೈಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದು, ಒಂದೊಂದಾಗಿ ತೆರೆದು ತೋರಿಸಿ, "ಒಂದ್ ತಿಂಗಳ್ ಸುದ್ದಾ ತಪ್ಪಿಸಿಲ್ರಿ ಸಾಹೇಬ್ರ, ಮತ್ತ ರೊಕ್ಕ ಎಲ್ಲಿ ಹೋಯ್ತರಿ?" ಎಂದರು.

ರೊಕ್ಕ ಎಲ್ಲಿಯೂ ಹೋಗಿರಲಿಲ್ಲ. ಅವರು 2024ರಲ್ಲಿ ಕಟ್ಟಬೇಕಾದ ಶುಲ್ಕಕ್ಕೆ 2009ರ ಶುಲ್ಕವನ್ನು ಕೂಡಿಸುತ್ತ ಬಂದಿದ್ದರು, ಅಷ್ಟೇ. ವರ್ಷಕ್ಕೆ ನೂರಕ್ಕೆ ಎಂಟರಂತೆ ಏರುವ ಶುಲ್ಕ ಒಂಬತ್ತು ವರ್ಷಕ್ಕೆ ಇಮ್ಮಡಿಯಾಗುತ್ತದೆ, ಹದಿನೈದು ವರ್ಷಕ್ಕೆ ಮೂರು ಪಟ್ಟು ದಾಟುತ್ತದೆ. ಅವರ ಪಾಸ್‌ಪುಸ್ತಕದಲ್ಲಿ ಮಾತ್ರ ಮೊದಲ ಪುಟದಲ್ಲಿಯೂ 1,350, ಕೊನೆಯ ಪುಟದಲ್ಲಿಯೂ 1,350. ಆ ನಡುವೆ ಅವರ ಸಂಬಳ ಎಷ್ಟು ಬಾರಿ ಏರಿತ್ತು ಎಂದು ನಾನು ಕೇಳಿದಾಗ ಅವರು ಸುಮ್ಮನಾದರು. ಆರ್.ಡಿ.ಯ ಸ್ವಭಾವವೇ ಹಾಗೆ; ಒಮ್ಮೆ ನಿಗದಿ ಮಾಡಿದ ಕಂತನ್ನು ನಡುವೆ ಹೆಚ್ಚಿಸಲು ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕಿತ್ತು? ಕಾಗದ ಪೆನ್ನು ಹತ್ತಿರವಿದ್ದವರು ದಯವಿಟ್ಟು ಬರೆದುಕೊಳ್ಳಿ. ಕಾಲೇಜಿಗೆ ಹದಿನೈದು ವರ್ಷ ಇರುವಾಗಲೇ ಆರಂಭಿಸಿ, ಪ್ರತಿ ವರ್ಷ, ಆ ವರ್ಷದ ಪೂರ್ತಿ ಕೋರ್ಸಿನ ಖರ್ಚನ್ನು ಹೊಸದಾಗಿ ಕೇಳಿ ತಿಳಿದು, ಅದನ್ನು 14ರಿಂದ ಭಾಗಿಸಿ, ಬಂದಷ್ಟನ್ನು ಆ ವರ್ಷ ಕೂಡಿಡಬೇಕು. ಮುಂದಿನ ವರ್ಷ ಮತ್ತೆ ಕೇಳಬೇಕು, ಮತ್ತೆ 14ರಿಂದ ಭಾಗಿಸಬೇಕು.

ಆ ಶಿಕ್ಷಕರ ಲೆಕ್ಕವನ್ನೇ ಹೀಗೆ ಮಾಡಿ ನೋಡೋಣ. 2009ರಲ್ಲಿ 2 ಲಕ್ಷ 40 ಸಾವಿರದ ಹದಿನಾಲ್ಕನೇ ಪಾಲು ಸುಮಾರು 17 ಸಾವಿರ, ಅಂದರೆ ತಿಂಗಳಿಗೆ 1,430 ರೂಪಾಯಿ. ಅವರು ಕಟ್ಟಿದ್ದಕ್ಕಿಂತ ಕೇವಲ 80 ರೂಪಾಯಿ ಹೆಚ್ಚು! 2018ರ ಹೊತ್ತಿಗೆ ಖರ್ಚು 4 ಲಕ್ಷ 80 ಸಾವಿರ, ಆ ವರ್ಷದ ಪಾಲು 34 ಸಾವಿರ. ಕೊನೆಯ ವರ್ಷವಾದ 2023ರಲ್ಲಿ ಸುಮಾರು 50 ಸಾವಿರ. ಪ್ರತಿ ವರ್ಷದ ಪಾಲನ್ನು ವರ್ಷದ ಆರಂಭದಲ್ಲಿಯೇ ಕಟ್ಟಿ, ಅದಕ್ಕೆ ನೂರಕ್ಕೆ ಏಳರ ಬಡ್ಡಿ ಸೇರಿದ್ದರೆ 2024ರಲ್ಲಿ ಏಳೂವರೆ ಲಕ್ಷಕ್ಕೂ ಸ್ವಲ್ಪ ಹೆಚ್ಚು ಕೈಯಲ್ಲಿರುತ್ತಿತ್ತು. ಆರಂಭದಲ್ಲಿ ಎರಡೂ ಲೆಕ್ಕಗಳ ಹೊರೆ ಹೆಚ್ಚುಕಡಿಮೆ ಒಂದೇ; ವ್ಯತ್ಯಾಸವೆಲ್ಲ ವರ್ಷವರ್ಷವೂ ಏರಿಸಿದ್ದರಲ್ಲಿದೆ.

ಹದಿನೈದು ವರ್ಷಕ್ಕೆ ಹದಿನಾಲ್ಕರಿಂದ ಭಾಗಿಸುವುದೇಕೆ ಎಂದು ಕೆಲವರು ಕೇಳಬಹುದು. ಬಡ್ಡಿಯೂ ಶುಲ್ಕವೂ ಒಂದೇ ವೇಗದಲ್ಲಿ ಏರಿದರೆ 15 ಸಾಕು. ಆದರೆ ಸುರಕ್ಷಿತ ಠೇವಣಿಯ ಬಡ್ಡಿ ಸಾಮಾನ್ಯವಾಗಿ ಶುಲ್ಕಕ್ಕಿಂತ ಒಂದು ಹೆಜ್ಜೆ ಹಿಂದೆಯೇ ಇರುತ್ತದೆ; ಆ ಕೊರತೆಯನ್ನು ಮೊದಲ ದಿನದಿಂದಲೇ ತುಂಬುವುದಕ್ಕೆ 14. ಪ್ರತಿ ವರ್ಷ ಕೇಳಿದ ಶುಲ್ಕವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಮೂರು ನಾಲ್ಕು ವರ್ಷ ಸತತವಾಗಿ ನೂರಕ್ಕೆ ಹತ್ತರಂತೆ ಏರುತ್ತಿರುವುದು ಕಂಡರೆ 14ರ ಬದಲು 12ರಿಂದ ಭಾಗಿಸಿ. ಶುಲ್ಕವನ್ನು ಕಾಲೇಜಿನ ಕರಪತ್ರದಲ್ಲಿ ನೋಡಬೇಡಿ, ಆ ವರ್ಷ ಮಗುವನ್ನು ಸೇರಿಸಿದ ತಂದೆತಾಯಿಗಳನ್ನು ಕೇಳಿ. ಹಾಸ್ಟೆಲು ಮತ್ತು ಊಟದ ಖರ್ಚು ಅವರ ಬಾಯಲ್ಲಿ ಮಾತ್ರ ಸರಿಯಾಗಿ ಬರುತ್ತದೆ. 371(ಜೆ) ಮೀಸಲಾತಿಯಿಂದ ನಮ್ಮ ಭಾಗದ ಮಕ್ಕಳಿಗೆ ಸೀಟು ಸಿಗುವುದು ಸುಲಭವಾಗಿದೆ, ನಿಜ. ಆದರೆ ಬೆಂಗಳೂರಿನ ಹಾಸ್ಟೆಲಿನವರು 371(ಜೆ) ಕೇಳುವುದಿಲ್ಲ.

ಇನ್ನು ಎಲ್ಲರಿಗೂ ಪ್ರಿಯವಾದ ಆ ಯೋಜನೆಯ ಪ್ರಶ್ನೆ. ಸಮಯ ಕಡಿಮೆಯಿರುವುದರಿಂದ ಬೇಗ ಹೇಳಿಬಿಡುತ್ತೇನೆ. ವರ್ಷವರ್ಷವೂ ಮೊತ್ತವನ್ನು ಬದಲಿಸಲು ಅವಕಾಶವಿರುವ ಖಾತೆ ನಿಮಗೆ ಬೇಕು. ಪಿ.ಪಿ.ಎಫ್.ನಲ್ಲಿ ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಎಷ್ಟು ಬೇಕಾದರೂ ಕಟ್ಟಬಹುದು. ಬಡ್ಡಿ 2020ರ ಏಪ್ರಿಲ್‌ನಲ್ಲಿ ನೂರಕ್ಕೆ 7.1 ಆಯಿತು. ಅದರ ಹದಿನೈದು ವರ್ಷ ಎಣಿಕೆಯಾಗುವುದು ಖಾತೆ ತೆರೆದ ಆರ್ಥಿಕ ವರ್ಷ ಮುಗಿದ ಮೇಲಿನಿಂದ. ಆದ್ದರಿಂದ ಮಗುವಿಗೆ ಎರಡು ವರ್ಷ ತುಂಬುವುದರೊಳಗೆ ತೆರೆದರೆ ಕಾಲೇಜಿಗೆ ಸರಿಹೊಂದುತ್ತದೆ. ಹೆಣ್ಣುಮಗುವಿಗೆ ಸುಕನ್ಯಾ ಸಮೃದ್ಧಿಯಲ್ಲಿ ಬಡ್ಡಿ ಹೆಚ್ಚು. 2024ರ ಜನವರಿಯಲ್ಲಿ ಅದು 8.2 ಆಯಿತು. ಆದರೆ ಆ ಖಾತೆ ಪೂರ್ತಿ ಮುಗಿಯುವುದು ತೆರೆದ 21 ವರ್ಷಕ್ಕೆ. ಓದಿಗೆಂದು ನಡುವೆ ತೆಗೆಯಲು ಸಿಗುವುದು ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿದ್ದ ಶಿಲ್ಕಿನ ಅರ್ಧ ಮಾತ್ರ. ಇಡೀ ಹಣವನ್ನು ಅದರಲ್ಲಿಯೇ ಹಾಕಿ, ಪ್ರವೇಶದ ದಿನ ಅರ್ಧವನ್ನಷ್ಟೇ ಕಂಡು ಗಾಬರಿಯಾದವರನ್ನು ನಾನು ನೋಡಿದ್ದೇನೆ.

ಕೃಷಿಕರಿಗೆ ಒಂದು ಮಾತು. ತಿಂಗಳ ಕಂತು ನಿಮಗೆ ಹೊಂದುವುದಿಲ್ಲ, ಹೊಂದಿಸಿಕೊಳ್ಳಲು ಹೋಗಲೂ ಬೇಡಿ. ತೊಗರಿ ರಾಶಿ ಮುಗಿದು, ಮಾರುಕಟ್ಟೆಯಲ್ಲಿ ಅಡತ್ ಅಂಗಡಿಯವರು ಪಟ್ಟಿ ಕೈಗೆ ಕೊಟ್ಟ ದಿನವೇ ಆ ವರ್ಷದ ಹದಿನಾಲ್ಕನೇ ಪಾಲನ್ನು ಬೇರೆ ತೆಗೆದು ಒಟ್ಟಿಗೆ ಕಟ್ಟಿಬಿಡಿ. ಪಿ.ಪಿ.ಎಫ್.ನಲ್ಲಿ ಪ್ರತಿ ತಿಂಗಳ ಬಡ್ಡಿಯನ್ನು ಐದನೆಯ ತಾರೀಕಿನಿಂದ ತಿಂಗಳ ಕೊನೆಯವರೆಗೆ ಇದ್ದ ಅತಿ ಕಡಿಮೆ ಶಿಲ್ಕಿನ ಮೇಲೆ ಹಾಕುತ್ತಾರೆ. ಫೆಬ್ರವರಿ ಆರರಂದು ಕಟ್ಟಿದವರಿಗೆ ಆ ಹಣಕ್ಕೆ ಫೆಬ್ರವರಿಯ ಬಡ್ಡಿ ಇಲ್ಲ, ನಾಲ್ಕರಂದು ಕಟ್ಟಿದವರಿಗೆ ಇದೆ.

ಆ ಶಿಕ್ಷಕರ ಮಗಳು ಈಗ ಓದುತ್ತಿದ್ದಾಳೆ. ಉಳಿದೆರಡು ವರ್ಷಗಳಿಗೆ ತಂದೆ ಶಿಕ್ಷಣ ಸಾಲ ತೆಗೆದುಕೊಂಡಿದ್ದಾರೆ. ಅವರ ಕಿರಿಯ ಮಗ ಇನ್ನೂ ನಾಲ್ಕನೆಯ ತರಗತಿ. ಅವನ ಹೆಸರಿನ ನೋಟುಪುಸ್ತಕದಲ್ಲಿ ಈಗ ಎರಡು ವರ್ಷದ ಶುಲ್ಕ ಬರೆದಿದ್ದಾರೆ, ಒಂದರ ಕೆಳಗೆ ಒಂದು. ನಮಸ್ಕಾರ.