ಫೋನ್ ಸಿಗದಿದ್ದಾಗ ಬಂದ ಕರೆಗಳನ್ನು ಬರೆದಿಡುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ವಿಚ್ ಆಫ್ ಆಗಿದ್ದ ಮೊಬೈಲನ್ನು ಮತ್ತೆ ಆನ್ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಒಂದು ಎಸ್‌ಎಂಎಸ್ ಬರುತ್ತದೆ. ಇಂಥ ಸಂಖ್ಯೆಯಿಂದ ನಿಮಗೆ 3 ಬಾರಿ ಕರೆ ಬಂದಿತ್ತು, ಕೊನೆಯ ಕರೆ ಇಷ್ಟು ಹೊತ್ತಿಗೆ ಬಂದಿತ್ತು ಎಂದು ಅದರಲ್ಲಿರುತ್ತದೆ. ಆ ಕರೆಗಳು ಬಂದಾಗ ನಮ್ಮ ಫೋನ್ ಮುಚ್ಚಿತ್ತು, ಆದ್ದರಿಂದ ಅದರೊಳಗಿನ ಕರೆಪಟ್ಟಿಯಲ್ಲಿ ಅವುಗಳ ಸುಳಿವೂ ಇರುವುದಿಲ್ಲ. ಹಾಗಿದ್ದರೆ ಅವನ್ನು ಗುರುತು ಹಾಕಿಟ್ಟವರು ಯಾರು, ಮತ್ತು ಆ ಗುರುತು ಕೆಲವು ಸಲ ತಪ್ಪಿಹೋಗುವುದೇಕೆ ಎಂಬುದನ್ನು ಇಂದು ವಿವರಿಸುತ್ತೇನೆ. ಮಿಸ್ಡ್ ಕಾಲ್ ಅಲರ್ಟ್ ಎಂಬ ಈ ಸೇವೆಯನ್ನು ಪೂರ್ಣವಾಗಿ ನಂಬಿ ಮುಖ್ಯವಾದ ಕರೆಗಳನ್ನು ಕಳೆದುಕೊಳ್ಳುವವರು ಬಹಳ ಮಂದಿ ಇದ್ದಾರೆ. ಅದರ ಒಳಗುಟ್ಟು ತಿಳಿದಿದ್ದರೆ ಆ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಈ ಸೇವೆಯ ಬುಡದಲ್ಲಿರುವುದು ಕರೆಯನ್ನು ಬೇರೊಂದು ಸಂಖ್ಯೆಗೆ ತಿರುಗಿಸುವ ವ್ಯವಸ್ಥೆ, ಅಂದರೆ ಕಾಲ್ ಫಾರ್ವರ್ಡಿಂಗ್. ಚಂದಾದಾರರ ಫೋನ್ ಸಂಪರ್ಕಕ್ಕೆ ಸಿಗದಿದ್ದರೆ ಬಂದ ಕರೆಯನ್ನು ಎಲ್ಲಿಗೆ ಕಳುಹಿಸಬೇಕು ಎಂಬುದನ್ನು ಜಾಲದ ದತ್ತಾಂಶ ಕೇಂದ್ರದಲ್ಲಿ ಬರೆದಿಡಲು ಅವಕಾಶವಿದೆ. ಸಾಮಾನ್ಯವಾಗಿ ಮಿಸ್ಡ್ ಕಾಲ್ ಅಲರ್ಟ್ ಸೇವೆ ನೀಡುವವರು ಅಲ್ಲಿ ತಮ್ಮದೇ ಒಂದು ಯಂತ್ರದ ಸಂಖ್ಯೆಯನ್ನು ಬರೆದಿಟ್ಟಿರುತ್ತಾರೆ. ಕರೆ ಆ ಯಂತ್ರಕ್ಕೆ ತಿರುಗಿದಾಗ, ಕರೆ ಮಾಡಿದವರ ಸಂಖ್ಯೆಯೂ ಅವರು ಮೂಲತಃ ಯಾರಿಗೆ ಕರೆ ಮಾಡಿದ್ದರು ಎಂಬುದೂ ಅದರ ಜೊತೆಗೇ ಬರುತ್ತವೆ. ಯಂತ್ರವು ಅವೆರಡನ್ನೂ ಸಮಯವನ್ನೂ ದಾಖಲಿಸಿಕೊಂಡು, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಘೋಷಣೆಯನ್ನು ಕೇಳಿಸಿ, ಕರೆಯನ್ನು ಮುಗಿಸುತ್ತದೆ. ಅನಂತರ ಅದು ಸಿದ್ಧಪಡಿಸುವ ಎಸ್‌ಎಂಎಸ್, ನಮ್ಮ ಫೋನ್ ಮತ್ತೆ ಸಿಗುವವರೆಗೆ ಸಂದೇಶ ಕೇಂದ್ರದಲ್ಲಿ ಕಾದಿರುತ್ತದೆ.

ಇಲ್ಲಿ ನೆನಪಿಡಬೇಕಾದ ಸಂಗತಿಯೆಂದರೆ, ಕರೆ ಆ ಯಂತ್ರವನ್ನು ತಲುಪಿದರೆ ಮಾತ್ರ ದಾಖಲಾಗುತ್ತದೆ. ಫೋನ್ ಯಾವ ರೀತಿಯಲ್ಲಿ ಕಣ್ಮರೆಯಾಯಿತು ಎಂಬುದರ ಮೇಲೆ ಈ ತಲುಪುವಿಕೆ ಬಹಳಷ್ಟು ಅವಲಂಬಿಸಿದೆ. ಗುಂಡಿ ಒತ್ತಿ ಸ್ವಿಚ್ ಆಫ್ ಮಾಡಿದಾಗ ಫೋನ್ ತಾನು ಹೊರಡುತ್ತಿರುವುದಾಗಿ ಜಾಲಕ್ಕೆ ತಿಳಿಸಿಯೇ ಆರುತ್ತದೆ. ಆದ್ದರಿಂದ ಆಮೇಲೆ ಬರುವ ಕರೆಯನ್ನು ಜಾಲವು ತಡಮಾಡದೆ ಯಂತ್ರಕ್ಕೆ ತಿರುಗಿಸುತ್ತದೆ. ಆದರೆ ನೆಲಮಾಳಿಗೆಗೆ ಇಳಿದಾಗ, ಸುರಂಗವನ್ನು ಹೊಕ್ಕಾಗ ಅಥವಾ ಬ್ಯಾಟರಿಯನ್ನು ಹಠಾತ್ತನೆ ಕಿತ್ತಾಗ ಹಾಗೆ ತಿಳಿಸುವ ಅವಕಾಶವೇ ಫೋನಿಗೆ ಇರುವುದಿಲ್ಲ. ಫೋನ್ ಇನ್ನೂ ಅಲ್ಲೇ ಇದೆಯೆಂದು ಜಾಲ ನಂಬಿಕೊಂಡಿರುತ್ತದೆ.

ಈ ತಪ್ಪು ನಂಬಿಕೆ ಎಷ್ಟು ಹೊತ್ತು ಉಳಿಯಬಹುದು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಸುಮ್ಮನಿರುವ ಫೋನ್ ಕೂಡ ಗೊತ್ತಾದ ಅವಧಿಗೊಮ್ಮೆ ತಾನಿದ್ದೇನೆ ಎಂದು ಜಾಲಕ್ಕೆ ವರದಿ ಮಾಡಬೇಕು. ಜಾಲ ನಡೆಸುವವರು ಈ ಅವಧಿಯನ್ನು ಬದಲಿಸಬಹುದು, 4ಜಿ ಮಾನದಂಡದಲ್ಲಿ ಮೊದಲೇ ಇಟ್ಟಿರುವ ಅವಧಿ 54 ನಿಮಿಷ. ಮೊಬೈಲ್ ಡೇಟಾ ಆಫ್ ಮಾಡಿಕೊಂಡಿರುವ ಒಬ್ಬರ ಫೋನ್ ಬೆಳಿಗ್ಗೆ 10 ಗಂಟೆಗೆ ವರದಿ ಮಾಡಿತು, 10.10ಕ್ಕೆ ಅವರು ಸಿಗ್ನಲ್ ಇಲ್ಲದ ನೆಲಮಾಳಿಗೆಗೆ ಇಳಿದರು ಎಂದುಕೊಳ್ಳಿ. 10.20ಕ್ಕೆ ಅವರಿಗೊಂದು ಕರೆ ಬಂತು. ಜಾಲವು ಸುತ್ತಲಿನ ಟವರುಗಳ ಮೂಲಕ ಆ ಫೋನನ್ನು ಕೂಗುತ್ತದೆ, ಉತ್ತರ ಬಾರದಿದ್ದರೆ ಮತ್ತೆ ಕೂಗುತ್ತದೆ, ಆಮೇಲಷ್ಟೇ ಕರೆಯನ್ನು ಯಂತ್ರಕ್ಕೆ ತಿರುಗಿಸುತ್ತದೆ. ಈ ಹುಡುಕಾಟ ನಡೆಯುವ ಕೆಲವು ಸೆಕೆಂಡುಗಳು ಕರೆ ಮಾಡಿದವರ ಕಿವಿಗೆ ಬರಿಯ ಮೌನ. ಅವರು ತಾಳ್ಮೆಯಿಂದ ಕಾದು ಘೋಷಣೆಯನ್ನು ಕೇಳಿದರೆ ಅವರ ಹೆಸರಿನಲ್ಲಿ ಒಂದು ಕರೆ ದಾಖಲಾಯಿತು. 10.30ಕ್ಕೆ ಕರೆ ಮಾಡಿದ ಇನ್ನೊಬ್ಬರು ಆ ಮೌನದಲ್ಲೇ ಬೇಸತ್ತು ಫೋನ್ ಇಟ್ಟುಬಿಟ್ಟರೆ, ಕರೆ ಯಂತ್ರದವರೆಗೆ ಹೋಗಲೇ ಇಲ್ಲ. ಅವರು ಕರೆ ಮಾಡಿದ್ದರು ಎಂಬುದು ಆ ಫೋನಿನಲ್ಲಿಯೂ ಅಲರ್ಟ್ ಸಂದೇಶದಲ್ಲಿಯೂ ಇರುವುದಿಲ್ಲ. ಮುಖ್ಯವಾದ ವಿಷಯಕ್ಕೆ ಕರೆ ಮಾಡುವವರು ಆ ಮೌನವನ್ನು ಸಹಿಸಿಕೊಂಡು ಘೋಷಣೆ ಆರಂಭವಾಗುವವರೆಗಾದರೂ ಕಾಯಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ನೆಲಮಾಳಿಗೆಗೆ ಇಳಿದವರು 10.40ಕ್ಕೆ ಮೇಲೆ ಬಂದರು, ಸಿಗ್ನಲ್ ಕಡ್ಡಿಗಳೆಲ್ಲ ಮೂಡಿದವು, ಆದರೂ ಅಲರ್ಟ್ ಬರಲಿಲ್ಲ. ಇದಕ್ಕೂ ಕಾರಣವಿದೆ. ಹೊಸ ಪ್ರದೇಶಕ್ಕೆ ಹೋಗದೆ ಇದ್ದಲ್ಲಿಯೇ ಮರಳಿ ಬಂದ ಫೋನ್, ತನ್ನ 54 ನಿಮಿಷ ಇನ್ನೂ ಮುಗಿಯದಿರುವುದರಿಂದ, ಮರಳಿದೆನೆಂದು ಜಾಲಕ್ಕೆ ಹೇಳಬೇಕಾಗಿಲ್ಲ. ಸಂದೇಶ ಕೇಂದ್ರವಾದರೋ ಮೊದಲ ಪ್ರಯತ್ನ ವಿಫಲವಾದ ಮೇಲೆ ಕಾಯುತ್ತಾ ಕುಳಿತಿರುತ್ತದೆ. ಅದು ತಾನಾಗಿ ಇನ್ನೊಮ್ಮೆ ಪ್ರಯತ್ನಿಸಿದಾಗ, ಅಥವಾ ಫೋನ್ 10.54ಕ್ಕೆ ತನ್ನ ಸರದಿಯ ವರದಿ ಮಾಡಿದಾಗ, ಅಥವಾ ಅವರೇ ಯಾರಿಗಾದರೂ ಕರೆ ಮಾಡಿದಾಗ ಸಂದೇಶ ಇಳಿಯುತ್ತದೆ. ಅಷ್ಟು ಹೊತ್ತು ಕಾಯಲು ಇಷ್ಟವಿಲ್ಲದವರು ಫ್ಲೈಟ್ ಮೋಡ್ ಆನ್ ಮಾಡಿ, ತುಸು ಬಿಟ್ಟು ಆಫ್ ಮಾಡಿದರೆ ಸಾಕು, ಫೋನ್ ಹೊಸದಾಗಿ ನೋಂದಾಯಿಸಿಕೊಳ್ಳುತ್ತದೆ ಮತ್ತು ಕಾದಿದ್ದ ಸಂದೇಶವನ್ನು ಬಿಡುಗಡೆ ಮಾಡುವಂತೆ ಕೇಂದ್ರಕ್ಕೆ ಸೂಚನೆ ಹೋಗುತ್ತದೆ. ಸಂದೇಶದ ಮೇಲ್ಭಾಗದಲ್ಲಿ ಫೋನ್ ತೋರಿಸುವ ಹೊತ್ತು ಕರೆ ಬಂದ ಹೊತ್ತಾಗಿರಬೇಕಾಗಿಲ್ಲ, ಕರೆಯ ಸಮಯವನ್ನು ಸಂದೇಶದ ಒಳಗಿನ ಸಾಲಿನಲ್ಲಿಯೇ ನೋಡಬೇಕು.

ಇನ್ನು ಅಲರ್ಟ್ ಬರುವುದೇ ಪೂರ್ತಿ ನಿಂತುಹೋದಾಗ ಏನು ಮಾಡಬೇಕು? ಫೋನ್ ಸಿಗದಿದ್ದಾಗ ಕರೆ ಎಲ್ಲಿಗೆ ಹೋಗಬೇಕು ಎಂಬ ಜಾಗದಲ್ಲಿ ಒಂದೇ ಒಂದು ಸಂಖ್ಯೆಗೆ ಸ್ಥಳವಿದೆ. ನೀವು ಅಲ್ಲಿ ಮನೆಯವರ ಸಂಖ್ಯೆಯನ್ನೋ ವಾಯ್ಸ್ ಮೇಲ್ ಸಂಖ್ಯೆಯನ್ನೋ ಹಾಕಿದ ಗಳಿಗೆಯಲ್ಲೇ ಅಲರ್ಟ್ ಯಂತ್ರದ ಸಂಖ್ಯೆ ಅಳಿಸಿಹೋಗುತ್ತದೆ. ಇದನ್ನು ಪರೀಕ್ಷಿಸಲು ಡಯಲ್ ಮಾಡುವಲ್ಲಿ ನಕ್ಷತ್ರ, ಹ್ಯಾಶ್, ಆರು, ಎರಡು, ಹ್ಯಾಶ್, ಅಂದರೆ *#62# ಎಂದು ಒತ್ತಿ ಕರೆ ಗುಂಡಿಯನ್ನು ಒತ್ತಿರಿ. ಜಾಲವು ಈಗ ಅಲ್ಲಿರುವ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸುತ್ತದೆ. ಅಲ್ಲಿ ನಿಮಗೆ ಪರಿಚಯವಿಲ್ಲದ ಸಂಖ್ಯೆ ಕಂಡರೆ ಗಾಬರಿಯಾಗುವ ಮೊದಲು, ಅದು ಅಲರ್ಟ್ ಸೇವೆಯದೇ ಆಗಿರಬಹುದೆಂದು ಸೇವಾ ಕೇಂದ್ರದಲ್ಲಿ ವಿಚಾರಿಸಿ. ಕರೆಗಳನ್ನು ಯಾರೋ ಕದ್ದು ಕೇಳುತ್ತಿದ್ದಾರೆಂದು ಹೆದರಿಸಿ ##002# ಒತ್ತಿರೆಂದು ಸಲಹೆ ಕೊಡುವ ಸಂದೇಶಗಳು ಆಗಾಗ ಹರಿದಾಡುತ್ತವೆ. ಆ ಸಂಕೇತವು ಎಲ್ಲ ಬಗೆಯ ಕರೆ ತಿರುಗಿಸುವಿಕೆಯನ್ನೂ ಒಟ್ಟಿಗೇ ಅಳಿಸುತ್ತದೆ, ಅದರ ಜೊತೆಗೇ ಅಲರ್ಟ್ ಕೂಡ ಹೋಗಬಹುದು. ಅಪರಿಚಿತರು ಬೇರೊಂದು ಸಂಖ್ಯೆಯನ್ನು ಸೇರಿಸಿ ಡಯಲ್ ಮಾಡಿಸಿದ್ದರೆ ಅದನ್ನು ತೆಗೆಯಲು ಅದು ಸರಿಯಾದ ಉಪಾಯವೇ ಹೌದು, ಆದರೆ ಆಮೇಲೆ ಸೇವೆ ನೀಡುವವರನ್ನು ಕೇಳಿ ಅಲರ್ಟನ್ನು ಮತ್ತೆ ಹಾಕಿಸಿಕೊಳ್ಳಬೇಕು.

ಇಂಟರ್ನೆಟ್ ಆ್ಯಪ್‌ಗಳ ಮೂಲಕ ಬಂದ ಕರೆಗಳು ಈ ದಾರಿಯಲ್ಲಿ ಬರುವುದೇ ಇಲ್ಲ, ಆದ್ದರಿಂದ ಅವು ಈ ಅಲರ್ಟಿನಲ್ಲಿ ಸೇರುವುದಿಲ್ಲ. ಎಸ್‌ಎಂಎಸ್‌ಗೂ ಒಂದು ಕಾಲಮಿತಿಯಿದೆ, ಆ ಅವಧಿ ಮೀರಿ ಫೋನ್ ಮುಚ್ಚಿದ್ದರೆ ಕಾದಿದ್ದ ಸಂದೇಶವನ್ನು ಕೇಂದ್ರವು ಅಳಿಸಿಬಿಡುತ್ತದೆ. ಬಹಳ ದಿನ ಫೋನ್ ಮುಚ್ಚಿಡಬೇಕಾದವರು *#62# ಒತ್ತಿ ಕಂಡ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಆ ಜಾಗದಲ್ಲಿ ನಂಬಿಕಸ್ಥರೊಬ್ಬರ ಸಂಖ್ಯೆಯನ್ನು ಹಾಕಿ, ಮರಳಿದ ಮೇಲೆ ಹಳೆಯದನ್ನು ಪುನಃ ಹಾಕುವುದು ಒಳ್ಳೆಯದು. ತಿರುಗಿದ ಕರೆಗೆ ಕೆಲವೆಡೆ ನಿಮ್ಮ ಖಾತೆಯಿಂದಲೇ ಶುಲ್ಕ ಕಡಿತವಾಗುತ್ತದೆ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ನಮಸ್ಕಾರ.