ಪ್ರೊಬೇಷನ್‌ನಲ್ಲಿ ಎರಡು ದಿನ ರಜ

ಕೇಳುಗರಿಗೆಲ್ಲ ನಮಸ್ಕಾರ. ನಾನು ಹನ್ನೆರಡು ವರ್ಷ ಪೇರೋಲ್ ನೋಡ್ಕೊಂಡಿದ್ದೋಳು, ಅಂದ್ರೆ ನಿಮ್ಮ ಸಂಬಳದಲ್ಲಿ ರಜದ ದುಡ್ಡು ಕಟ್ ಮಾಡೋ ಸೀಟಲ್ಲಿ ಕೂತಿದ್ದೋಳು. ಇವತ್ತು ಹೇಳೋದು ನಮ್ಮಕ್ಕನ ಮಗನ ಕಥೆ, ಅವನನ್ನ ಕೇಳ್ಕೊಂಡೇ ಹೇಳ್ತಿದೀನಿ.

ಹುಡುಗ ಫೆಬ್ರವರಿ ಮೊದಲನೇ ವಾರ ಬೆಂಗಳೂರಲ್ಲಿ ಒಂದು ಕಂಪನಿಗೆ ಸೇರ್ದ, ಆರು ತಿಂಗಳು ಪ್ರೊಬೇಷನ್, ತಿಂಗಳಿಗೆ 36,000. ಮಾರ್ಚಲ್ಲಿ ಅವನ ತಂಗಿಗೆ ಗಂಡು ಗೊತ್ತಾಯ್ತು, ಮೇ ತಿಂಗಳಲ್ಲಿ ಅರಸೀಕೆರೆಯಲ್ಲಿ ಮದ್ವೆ. ಶುಕ್ರವಾರ ಚಪ್ಪರ, ಶನಿವಾರ ಸಂಜೆ ರಿಸೆಪ್ಷನ್, ಭಾನುವಾರ ಬೆಳಗ್ಗೆ ಧಾರೆ, ಸೋಮವಾರ ಹುಡುಗಿನ ಗಂಡನ ಮನೆಗೆ ಬಿಟ್ಟು ಬರೋದು, ಮಂಗಳವಾರ ಬೀಗರ ಊಟ. ಒಬ್ಬನೇ ಅಣ್ಣ, ಎಲ್ಲದಕ್ಕೂ ಇರ್ಬೇಕು. ಸೇರೋವಾಗ್ಲೇ ಮದ್ವೆ ಗೊತ್ತಿದ್ದಿದ್ರೆ ಆಫರ್ ಒಪ್ಪೋ ಈಮೇಲಲ್ಲೇ ಈ ತಾರೀಖು ನಾನಿರಲ್ಲ ಅಂತ ಬರೆದುಬಿಡ್ಬೋದಿತ್ತು, ಆಗ ಬೇಡ ಅನ್ನೋರು ಕಮ್ಮಿ. ಇವನಿಗೆ ಆ ಚಾನ್ಸ್ ಇರ್ಲಿಲ್ಲ.

ಆಫರ್ ಲೆಟರ್‌ನಲ್ಲಿ ರಜದ ಬಗ್ಗೆ ಒಂದೇ ಸಾಲು: ಕಂಪನಿ ನಿಯಮದ ಪ್ರಕಾರ. ಪೋರ್ಟಲ್ ತೆಗೆದ್ರೆ ಲೀವ್ ಬ್ಯಾಲೆನ್ಸ್ ಸೊನ್ನೆ. ಪಕ್ಕದ ಸೀಟಿನ ಹುಡುಗ ನಾನು ಪ್ರೊಬೇಷನ್‌ನಲ್ಲಿ ಮೂರು ದಿನ ತಗೊಂಡೆ ಅಂತಾನೆ, ಇನ್ನೊಬ್ಳು ಒಂದು ದಿನಾನೂ ಕೊಡಲ್ಲ ಅಂತಾಳೆ. ಮ್ಯಾನೇಜರ್ರು ಇವನಿಗಿಂತ ಬರೀ ಒಂದು ತಿಂಗಳು ಮುಂಚೆ ಆ ಟೀಮಿಗೆ ಬಂದೋರು, ಪರಿಚಯ ಅಂದ್ರೆ ಗುಡ್ ಮಾರ್ನಿಂಗ್ ಅಷ್ಟೇ. ಇವನು ಚಾಟಲ್ಲಿ ಏನು ಹಾಕಿದಾನೆ ನೋಡಿ: ಸರ್, ಮೇನಲ್ಲಿ ರಜ ಸಿಗುತ್ತಾ, ಪ್ರೊಬೇಷನ್‌ನಲ್ಲಿ ರೂಲ್ ಏನು? ಅವ್ರು ಮೂರು ಗಂಟೆ ಬಿಟ್ಟು, ಪ್ರೊಬೇಷನ್‌ನಲ್ಲಿ ರಜ ಇರಲ್ಲ ಅನ್ಸುತ್ತೆ, ನೋಡೋಣ ಅಂದ್ರು. ಇವನು ಆ ನೋಡೋಣ ಅನ್ನೋದನ್ನ ಇಲ್ಲ ಅಂತ ಓದ್ಕೊಂಡು, ರಾತ್ರಿ ಹನ್ನೊಂದು ಗಂಟೆಗೆ ನನಗೆ ಫೋನು, ಚಿಕ್ಕಮ್ಮ ಕೆಲಸ ಬಿಟ್ಬಿಡ್ಲಾ ಅಂತ.

ನಾನು ಆ ಸೀಟಲ್ಲಿ ಕೂತು ಕಂಡಿದ್ದು ಏನಂದ್ರೆ, ಇಲ್ಲಿ ಎರಡು ಪ್ರಶ್ನೆ ಇದೆ, ಎರಡಕ್ಕೂ ಉತ್ತರ ಕೊಡೋರು ಬೇರೆ ಬೇರೆ. ರೂಲ್ ಏನು ಅನ್ನೋದು ಎಚ್ಆರ್‌ಗೆ. ಆ ದಿನ ನಾನಿಲ್ದೆ ನಡೆಯುತ್ತಾ ಅನ್ನೋದು ಮ್ಯಾನೇಜರ್ಗೆ. ಹೊಸ ಮ್ಯಾನೇಜರ್ಗೆ ರೂಲ್ ಕೇಳಿದ್ರೆ ಅವ್ರಿಗೂ ಗೊತ್ತಿರಲ್ಲ, ಗೊತ್ತಿಲ್ಲ ಅನ್ನೋಕೆ ಮುಜುಗರ, ತಮ್ಮ ತಲೆ ಮೇಲೆ ಬರ್ದೇ ಇರ್ಲಿ ಅಂತ ಇಲ್ಲ ಅಂತಾರೆ. ಒಂದ್ಸಲ ಇಲ್ಲ ಅಂದ್ಮೇಲೆ ಹಿಂದಕ್ಕೆ ತಗೊಳ್ಳೋದು ಅವ್ರಿಗೂ ಕಷ್ಟ. ಅದಕ್ಕೇ ಮೊದಲು ಎಚ್ಆರ್, ಆಮೇಲೆ ಮ್ಯಾನೇಜರ್.

ಹಾಗಂತ ಎಚ್ಆರ್‌ಗೆ ರಜ ಕೊಡಿ ಅಂತ ಬರೀಬಾರ್ದು, ಮ್ಯಾನೇಜರ್ ತಲೆ ಮೇಲಿಂದ ಹೋದಂಗಾಗುತ್ತೆ. ನಾಲ್ಕು ವಿಷಯ ಮಾತ್ರ ಕೇಳಿಸ್ದೆ. ಪ್ರೊಬೇಷನ್‌ನಲ್ಲಿ ಯಾವುದಾದ್ರೂ ಸಂಬಳದ ರಜ ಇದೆಯಾ? ಇಲ್ಲಾಂದ್ರೆ ಎಲ್ಓಪಿ, ಅಂದ್ರೆ ಸಂಬಳ ಇಲ್ದಿರೋ ರಜ ಹಾಕ್ಬೋದಾ, ದಿನದ ಸಂಬಳ ಹೆಂಗೆ ಲೆಕ್ಕ ಹಾಕ್ತೀರಾ? ಮಧ್ಯೆ ಬರೋ ಶನಿವಾರ ಭಾನುವಾರಾನೂ ಸೇರಿಸ್ತೀರಾ? ಇದ್ರಿಂದ ಕನ್ಫರ್ಮೇಷನ್ ಮುಂದಕ್ಕೆ ಹೋಗುತ್ತಾ? ಎರಡು ದಿನ ಬಿಟ್ಟು ಉತ್ತರ ಬಂತು. ಸಂಬಳದ ರಜ ಕನ್ಫರ್ಮ್ ಆದ್ಮೇಲೇ, ಎಲ್ಓಪಿ ಮ್ಯಾನೇಜರ್ ಒಪ್ಪಿದ್ರೆ ಸರಿ, ತಿಂಗಳ ಸಂಬಳಾನ 30ರಿಂದ ಭಾಗಿಸ್ತೀವಿ, ವೀಕೆಂಡಿನ ಆ ಕಡೆ ಈ ಕಡೆ ಎರಡೂ ದಿನ ರಜ ಇದ್ರೆ ವೀಕೆಂಡೂ ಎಲ್ಓಪಿ, ಎರಡ್ಮೂರು ದಿನಕ್ಕೆಲ್ಲ ಕನ್ಫರ್ಮೇಷನ್ ಮುಂದೂಡಲ್ಲ.

ಇಲ್ಲೊಂದು ಮಾತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು, 20 ದಿನ ಕೆಲಸಕ್ಕೆ 1 ದಿನದ ಲೆಕ್ಕದಲ್ಲಿ ಸಂಬಳದ ರಜ ಕೊಡ್ಬೇಕು ಅನ್ನುತ್ತೆ. ಆ ಲೆಕ್ಕದಲ್ಲಿ ಇವನಿಗೆ ಮೇ ಹೊತ್ತಿಗೆ ಮೂರು ದಿನ ಆಗಿರುತ್ತೆ. ಇವನು ಇದನ್ನ ಎಲ್ಲೋ ಓದಿ, ಮೇಲಲ್ಲಿ ಹಾಕ್ಲಾ ಅಂದ. ಬೇಡ ಅಂದೆ. ರಜ ಲೆಕ್ಕಕ್ಕೆ ಸೇರೋದು ಬೇರೆ, ನಾನು ಹೇಳಿದ ದಿನವೇ ಬೇಕು ಅನ್ನೋದು ಬೇರೆ, ದಿನ ಕೇಳಿಯೇ ತಗೋಬೇಕು. ಮೂರನೇ ತಿಂಗಳಲ್ಲಿ ಮ್ಯಾನೇಜರ್ಗೆ ಕಾಯ್ದೆ ನಂಬರ್ ತೋರಿಸಿ ಮದ್ವೆಗೆ ಹೋಗೋದು ನನ್ನ ಪ್ರಕಾರ ಪೆದ್ದತನ. ಬ್ಯಾಲೆನ್ಸ್ ಕ್ರೆಡಿಟ್ ಆಗ್ದೇ ಹೋದ್ರೆ ಕನ್ಫರ್ಮ್ ಆದ್ಮೇಲೆ ಎಚ್ಆರ್ ಹತ್ರ ಕೇಳ್ಕೊಂಡ್ರಾಯ್ತು.

ಈಗ ಆ ವೀಕೆಂಡಿನ ವಿಷಯ, ನಮ್ಮ ಕಡೆ ಸ್ಯಾಂಡ್‌ವಿಚ್ ರೂಲ್ ಅಂತಾರೆ, ಬಹಳ ಜನ ಬೀಳೋದೇ ಇಲ್ಲಿ. ಇವನು ಕೇಳ್ಬೇಕು ಅಂದ್ಕೊಂಡಿದ್ದು ಶುಕ್ರವಾರ, ಸೋಮವಾರ, ಮಂಗಳವಾರ. ಮೂರೇ ದಿನ ಅಲ್ವಾ ಅಂದ. 36,000ನ 30ರಿಂದ ಭಾಗಿಸಿದ್ರೆ ದಿನಕ್ಕೆ 1,200, ಮೂರು ದಿನಕ್ಕೆ 3,600 ಅಂತ ಅವನ ಲೆಕ್ಕ. ಆದ್ರೆ ಶುಕ್ರವಾರಾನೂ ರಜ, ಸೋಮವಾರಾನೂ ರಜ, ಮಧ್ಯೆ ಸಿಕ್ಕಾಕೊಂಡ ಶನಿವಾರ ಭಾನುವಾರ ಸೇರಿ ಐದು ದಿನ, 6,000. ಅದೇ ಶುಕ್ರವಾರ ಸಂಜೆವರೆಗೂ ಕೆಲಸ ಮಾಡಿ ರಾತ್ರಿ ರೈಲು ಹತ್ತಿದ್ರೆ ಸೋಮವಾರ ಮಂಗಳವಾರ ಎರಡೇ ದಿನ, 2,400. ಚಪ್ಪರದ ದಿನ ಅಣ್ಣ ಇಲ್ಲ ಅಂತ ನಮ್ಮಕ್ಕ ಇವತ್ತಿಗೂ ಗೊಣಗ್ತಾಳೆ, ಅದು ಬೇರೆ ಮಾತು. ಮದ್ವೆ ಮನೆಯಿಂದ ವರ್ಕ್ ಫ್ರಮ್ ಹೋಮ್ ಮಾಡ್ತೀನಿ ಅಂತಾನೂ ಒಂದು ಐಡಿಯಾ ತೆಗೆದ, ಓಲಗದವರು ಊದ್ತಿರೋವಾಗ ಮೀಟಿಂಗಲ್ಲಿ ಅನ್‌ಮ್ಯೂಟ್ ಮಾಡ್ತೀಯೇನೋ ಅಂತ ಕೇಳ್ದೆ, ಸುಮ್ನಾದ.

ಇಷ್ಟಾದ್ಮೇಲೆ ಮ್ಯಾನೇಜರ್. ಚಾಟ್ ಬೇಡ, ಎದುರಿಗೆ ಕೇಳು ಅಂದೆ, ಏಪ್ರಿಲ್ ಮಧ್ಯದಲ್ಲೇ, ಮೂರೂವರೆ ವಾರ ಮುಂಚೆ. ರೂಲ್ ಬಗ್ಗೆ ಮಾತೇ ಎತ್ತಬೇಡ, ಎಚ್ಆರ್ ಏನಂದ್ರು ಅಂತ ಒಂದು ಸಾಲು ಹೇಳು ಸಾಕು. ಇವನು ಹೇಳಿದ್ದು ಹೆಚ್ಚುಕಮ್ಮಿ ಹಿಂಗೆ: ಸರ್, ನನ್ನ ಸ್ವಂತ ತಂಗಿ ಮದ್ವೆ, ಸೋಮವಾರ ಮಂಗಳವಾರ ಎರಡು ದಿನ ಬೇಕಿತ್ತು, ಬ್ಯಾಲೆನ್ಸ್ ಇಲ್ಲ, ಎಲ್ಓಪಿ ಆಗುತ್ತೆ ಅಂತ ಎಚ್ಆರ್ ಹೇಳಿದಾರೆ, ನನಗೆ ಓಕೆ. ಸೋಮವಾರದ ರಿಪೋರ್ಟ್ ಶುಕ್ರವಾರವೇ ಮುಗಿಸಿ ಕೊಡ್ತೀನಿ, ಮಂಗಳವಾರದ್ದು ಟೀಮಲ್ಲಿ ಒಬ್ರು ನೋಡ್ಕೊಳ್ತೀನಿ ಅಂದಿದಾರೆ. ಆ ಮನುಷ್ಯ ಒಂದೇ ಪ್ರಶ್ನೆ ಕೇಳಿದ್ರಂತೆ, ಮದ್ವೆ ಯಾವೂರಲ್ಲಿ ಅಂತ. ಅರಸೀಕೆರೆ ಅಂದಿದ್ದಕ್ಕೆ ನಮ್ಮ ಹೆಂಡತಿ ಊರು ತಿಪಟೂರು ಅಂದ್ರಂತೆ, ಅಲ್ಲಿಗೆ ಆಯ್ತು.

ಬಾಯಲ್ಲಿ ಹೂಂ ಅಂದ್ರೆ ಪೇರೋಲ್ಗೆ ಕೇಳ್ಸಲ್ಲ. ಅವತ್ತೇ ಒಂದು ಮೇಲ್, ನೀವು ಒಪ್ಪಿದ ಪ್ರಕಾರ ಈ ಎರಡು ದಿನ ಅಂತ, ಎಚ್ಆರ್‌ಗೂ ಒಂದು ಕಾಪಿ. ಆಮೇಲೆ ಪೋರ್ಟಲಲ್ಲಿ ಹಾಕಿ, ಅದು ಪೆಂಡಿಂಗ್ ಹೋಗಿ ಅಪ್ರೂವ್ಡ್ ಅಂತ ತೋರಿಸೋವರೆಗೂ ಬಿಡಬಾರ್ದು, ಯಾಕಂದ್ರೆ ಅಲ್ಲಿ ತಿಂಗಳ ಇಪ್ಪತ್ತೈದಕ್ಕೆ ಹಾಜರಿ ಲಾಕ್ ಆಗುತ್ತೆ, ಆಗ ಪೆಂಡಿಂಗ್ ಇದ್ದಿದ್ದು ಹೇಳ್ದೆ ಕೇಳ್ದೆ ಹೋದ ಗೈರುಹಾಜರಿ ಅಂತ ಬೀಳುತ್ತೆ. ಪ್ರೊಬೇಷನ್‌ನಲ್ಲಿ ಅದು ಫೈಲಲ್ಲಿ ಕೂತ್ರೆ ಕನ್ಫರ್ಮೇಷನ್ ಹೊತ್ತಿಗೆ ಯಾರೋ ಎತ್ತಿ ತೋರಿಸ್ತಾರೆ.

ಮದ್ವೆ ಚೆನ್ನಾಗಾಯ್ತು. ಮೇ ಸಂಬಳದ ಸ್ಲಿಪ್ ಬಂದ ದಿನ ಮತ್ತೆ ಫೋನು. ಚಿಕ್ಕಮ್ಮ, ಎಲ್ಓಪಿ ನಾಲ್ಕು ದಿನ ಹಾಕಿದಾರೆ, 4,800 ಹೋಯ್ತು, ಮೋಸ ಮಾಡಿದ್ರು ಅಂತ ಒಂದೇ ಸಮ. ಪೋರ್ಟಲ್ ತೆಗಿ, ರಜ ಯಾವತ್ತಿಂದ ಅಂತ ಹಾಕಿದೀಯಾ ಓದು ಅಂದೆ. ಸ್ವಲ್ಪ ಹೊತ್ತು ಉಸಿರೇ ಇಲ್ಲ. ಆಮೇಲೆ ಮೆಲ್ಲಗೆ, ಶನಿವಾರದಿಂದ ಚಿಕ್ಕಮ್ಮ, ಅವತ್ತಿಂದ ಅಲ್ವಾ ನಾನು ಊರಲ್ಲಿದ್ದಿದ್ದು ಅಂದ. ಆ ಏಪ್ರಿಲ್ ಮೇಲನ್ನೇ ಎಚ್ಆರ್‌ಗೆ ಮತ್ತೆ ಕಳ್ಸಿದ, 2,400 ಜೂನ್ ಸಂಬಳದಲ್ಲಿ ವಾಪಸ್ ಬಂತು.